ಅಳಿಯಂದಿರಿಗೆ ‘ನೀವು’, ಕಾಲುನೋವಿಗೆ ‘ನೀನು’

ಹಳೇ ಮೈಸೂರಿನ ಕಡೆ ಅಕ್ಕನ ಮಗನಿಗೆ ಮಗಳನ್ನು ಕೊಡುವುದು ಇಂದಿಗೂ ಅಪರೂಪವಲ್ಲ. ಸಂಬಂಧ ಹೊರಗೆ ಹೋಗಲಿಲ್ಲ ಎಂಬ ಸಮಾಧಾನ ಎರಡೂ ಮನೆಗಿರುತ್ತದೆ. ಆದರೆ ಮದುವೆಯ ಮಾರನೇ ದಿನದಿಂದ ಸೋದರಮಾವನಿಗೆ ಒಂದು ಸಣ್ಣ ಪೇಚು ಶುರುವಾಗುತ್ತದೆ. ನಿನ್ನೆಯವರೆಗೆ ‘ಲೇ, ಬಾರೋ ಇಲ್ಲಿ’ ಎನ್ನಿಸಿಕೊಳ್ಳುತ್ತಿದ್ದ ಹುಡುಗ ಈಗ ಮನೆಯ ಅಳಿಯ. ಅಳಿಯನಿಗೆ ‘ನೀವು’ ಅನ್ನಬೇಕು. ‘ಬನ್ನಿ, ಕೂತ್ಕೊಳ್ಳಿ’ ಅನ್ನಬೇಕು. ಎದುರಿಗಿದ್ದಾಗ ಹೇಗೋ ನುಣುಚಿಕೊಳ್ಳಬಹುದು. ‘ಊಟ ಆಯ್ತಾ?’ ಅಂದರೆ ಅದರಲ್ಲಿ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಕಾಗದ ಬರೆಯಲು ಕೂತಾಗ ಆ ಉಪಾಯ ಬಹಳ ದೂರ ಬರುವುದಿಲ್ಲ.

ಅಂಥ ಮಾವ ಬರೆದ ಪತ್ರವೊಂದನ್ನು ಓದೋಣ. ಇದು ಯಾರ ಮನೆಯ ಪೆಟ್ಟಿಗೆಯಿಂದಲೂ ತೆಗೆದದ್ದಲ್ಲ. ಇಂಥ ಪತ್ರಗಳ ಧಾಟಿಯನ್ನು ಹಿಡಿದು ಈ ಲೇಖನಕ್ಕೆಂದೇ ಬರೆದದ್ದು.

‘ಚಿ|| ರಾ|| ಅಳಿಯಂದಿರಿಗೆ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮಗಳ ಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರುವುದು.

‘ಈ ಸಲದ ದೀಪಾವಳಿ ನಿಮಗೆ ಮದುವೆಯಾದ ಮೇಲಿನ ಮೊದಲ ಹಬ್ಬ. ನೀರು ತುಂಬುವ ದಿನವೇ ಇಲ್ಲಿರುವಂತೆ ನೀವು ಹೊರಟು ಬರಬೇಕು. ರಜ ಸಿಗುವುದಿಲ್ಲ ಎನ್ನಬಾರದು. ನಿಮ್ಮ ಅಮ್ಮನಿಗೂ ಬೇರೆ ಪತ್ರ ಹಾಕಿದ್ದೇನೆ.

‘ನಿನ್ನ ಕಾಲುನೋವು ಹೇಗಿದೆ? ಹೋದ ತಿಂಗಳು ನೋಡಿದಾಗ ಕುಂಟುತ್ತಿದ್ದೆ. ಚಿಕ್ಕವನಿದ್ದಾಗ ಹುಣಸೆಮರದಿಂದ ಬಿದ್ದು ಮುರಿದುಕೊಂಡ ಕಾಲೇ ಅಲ್ಲವೇ ಅದು? ಎಣ್ಣೆ ಕಳಿಸಿದ್ದೆನಲ್ಲ, ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲವೋ. ಡಾಕ್ಟರಿಗೆ ತೋರಿಸು, ಉದಾಸೀನ ಮಾಡಬೇಡ.

‘ಮೋಟಾರಿನ ಹಣದ ವಿಚಾರ. ಯುಗಾದಿಗೇ ಕೊಡುತ್ತೇನೆ ಎಂದಿದ್ದೆ, ಆಗಲಿಲ್ಲ. ನೀವು ನೌಕರಿಯಲ್ಲಿರುವವರು, ನಿಮ್ಮ ಸಂಬಳಕ್ಕೆ ನೂರೆಂಟು ಖರ್ಚಿರುತ್ತದೆ ಎಂದು ನನಗೂ ಗೊತ್ತು. ಅನುಕೂಲ ನೋಡಿಕೊಂಡು ಕಳಿಸಿ.

‘ಮಗುವನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಅವಳಿಗೆ ಬೆಳಿಗ್ಗೆ ಬೇಗ ಹಸಿವಾಗುತ್ತದೆ, ಬಾಯಿಬಿಟ್ಟು ಕೇಳುವವಳಲ್ಲ. ನೀನೇ ನೋಡಿಕೋ. ಇತಿ ಆಶೀರ್ವಾದಗಳು.’

ಶಾಲೆಯಲ್ಲಿ ಪತ್ರಲೇಖನ ಕಲಿಸುವ ಮೇಷ್ಟರ ಕೈಗೆ ಇದು ಸಿಕ್ಕರೆ ಕೆಂಪು ಶಾಯಿ ಹರಿಯುವುದು ಖಂಡಿತ. ಒಬ್ಬರಿಗೆ ಬರೆಯುವಾಗ ಮೊದಲ ಸಾಲಿನಲ್ಲಿ ಹಿಡಿದದ್ದನ್ನೇ ಕೊನೆಯ ಸಾಲಿನವರೆಗೂ ಹಿಡಿಯಬೇಕು ಎಂಬುದು ಅಲ್ಲಿನ ನಿಯಮ. ಪರೀಕ್ಷೆಯ ಮಟ್ಟಿಗೆ ಅದು ಸರಿ. ಮನೆಮಂದಿ ಬರೆದ ಕಾಗದಕ್ಕೆ ಆ ಅಳತೆ ಸಾಲದು. ಈ ಮಾವನ ಪತ್ರದಲ್ಲಿ ಆಗಿರುವ ಅದಲುಬದಲಿಗೆ ಒಂದು ಕ್ರಮವಿದೆ. ಅದನ್ನು ಕಾಣಬೇಕಾದರೆ ಮೊದಲು, ಅದಲುಬದಲಿನಂತೆ ಕಾಣುವ ಆದರೆ ಅಲ್ಲದ ಜಾಗಗಳನ್ನು ಬದಿಗೆ ಸರಿಸಬೇಕು.

‘ನಿಮ್ಮ ಅಮ್ಮನಿಗೂ’ ಎಂಬುದನ್ನೇ ತೆಗೆದುಕೊಳ್ಳಿ. ಇಲ್ಲಿ ‘ನಿಮ್ಮ’ ಇರುವುದು ಅಳಿಯನಿಗೆ ಕೊಟ್ಟ ಮರ್ಯಾದೆಯಿಂದಲ್ಲ. ಐದು ವರ್ಷದ ಮಗುವನ್ನು ನಿಲ್ಲಿಸಿ ಕೇಳುವಾಗಲೂ ನಾವು ‘ನಿಮ್ಮಪ್ಪ ಎಲ್ಲಿ?’, ‘ನಿಮ್ಮನೆ ಯಾವುದು?’, ‘ನಿಮ್ಮೂರು ಯಾವುದೋ?’ ಅನ್ನುತ್ತೇವೆ. ಅದೇ ಉಸಿರಿನಲ್ಲಿ ‘ನೀನು ಯಾವ ಕ್ಲಾಸು?’ ಎಂದೂ ಕೇಳುತ್ತೇವೆ. ಅಪ್ಪ, ಅಮ್ಮ, ಮನೆ, ಊರು ಒಬ್ಬನ ಸೊತ್ತಲ್ಲ, ಇಡೀ ಕುಟುಂಬದ್ದು, ಅದಕ್ಕೇ ಬಹುವಚನ. ನಮ್ಮ ತಾಯಿಯ ಬಗ್ಗೆ ಹೇಳುವಾಗ ‘ನಮ್ಮಮ್ಮ’ ಅನ್ನುವುದೂ ಇದೇ ಕಾರಣಕ್ಕೆ. ‘ನಿನ್ನಪ್ಪ’ ಎಂದರೆ ಕೆಲವು ಕಡೆ ಜಗಳಕ್ಕೆ ಕರೆದಂತೆಯೇ ಆಗುತ್ತದೆ. ಹಾಗಾಗಿ ‘ನೀನು’ ಎನ್ನುತ್ತ ಬಂದ ಪತ್ರದ ನಡುವೆ ‘ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸು’ ಎಂದಿದ್ದರೆ ಅಲ್ಲಿ ಏನೂ ಜಾರಿಲ್ಲ. ಕಾಲುನೋವು, ಕೈಬರಹ, ನಿದ್ದೆ, ಸಂಬಳ ಇಂಥವು ಒಬ್ಬೊಬ್ಬರದೇ. ಅವುಗಳ ಹಿಂದೆ ‘ನಿನ್ನ’ ಇದೆಯೋ ‘ನಿಮ್ಮ’ ಇದೆಯೋ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಹಬ್ಬದ ಪ್ಯಾರಾದ ‘ನೀವು’ ಇನ್ನೂ ಜಾಣತನದ್ದು. ‘ನಿಮಗೆ ಮದುವೆಯಾದ ಮೇಲಿನ ಮೊದಲ ಹಬ್ಬ’ ಎಂದಾಗ ಮದುವೆ ಇಬ್ಬರಿಗೂ ಆಗಿದೆ. ‘ನೀವು ಹೊರಟು ಬರಬೇಕು’ ಎಂದಾಗ ಹೊರಡುವವರೂ ಇಬ್ಬರೇ. ಇಲ್ಲಿನ ‘ನೀವು’ ಅಳಿಯನೊಬ್ಬನಿಗೆ ಗೌರವವೋ, ಅಳಿಯ-ಮಗಳಿಬ್ಬರನ್ನೂ ಸೇರಿಸಿದ ಬರಿ ಲೆಕ್ಕವೋ ಹೇಳಲು ಬರುವುದಿಲ್ಲ. ಓದಿದ ಅಳಿಯನಿಗೆ ಮರ್ಯಾದೆ ಕೊಟ್ಟಂತೆ ಕೇಳುತ್ತದೆ; ಬರೆದ ಮಾವನಿಗೆ ನಾಲಿಗೆ ತಡವರಿಸದೆ ಬರೆದಂತಾಗುತ್ತದೆ. ಜೋಡಿಗೇ ಬರೆಯುತ್ತಿದ್ದೇನೆ ಎಂದು ಖಚಿತ ಮಾಡಬೇಕಾದವರು ‘ನೀವಿಬ್ಬರೂ’ ಎಂದೋ, ಈ ಪತ್ರದ ಮೊದಲ ಪ್ಯಾರಾದಲ್ಲಿರುವಂತೆ ‘ನಿಮ್ಮಗಳ’ ಎಂದೋ ಬರೆಯುತ್ತಾರೆ. ‘ನಿಮ್ಮಗಳ’ ಎಂಬುದನ್ನು ತಪ್ಪು ಎಂದು ತಿದ್ದುವವರಿದ್ದಾರೆ. ಒಬ್ಬರಿಗೂ ಹಲವರಿಗೂ ಒಂದೇ ‘ನೀವು’ ಇರುವಾಗ ಜನ ಕಂಡುಕೊಂಡ ಪರಿಹಾರ ಅದು. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಇನ್ನು ‘ಪತ್ರ ಬರೆಯುತ್ತಿರುವುದು’, ‘ಬರಬೇಕು’, ‘ಎನ್ನಬಾರದು’. ಇವು ಯಾರ ಕಡೆಗೂ ವಾಲದ ಪದಗಳು. ಕನ್ನಡದಲ್ಲಿ ಕ್ರಿಯಾಪದದ ಕೊನೆ ನೋಡಿದರೆ ಮಾತು ಯಾರಿಗೆ ಎಂದು ತಿಳಿಯುತ್ತದೆ ಅನ್ನುತ್ತೇವೆ: ಬರುತ್ತೀಯ, ಬರುತ್ತೀರಿ, ಬಾ, ಬನ್ನಿ. ಆದರೆ ಬೇಕು, ಬಹುದು, ಬಾರದು, ಇಲ್ಲ ಎಂದು ಮುಗಿಯುವ ಮಾತಿನಲ್ಲಿ ಆ ಗುರುತೇ ಇರುವುದಿಲ್ಲ. ‘ಬರಲಿಲ್ಲ’ ಎಂಬುದು ನಾನು, ನೀನು, ನೀವು, ಅವರು ಎಲ್ಲರಿಗೂ ಒಂದೇ. ‘ಬಂದರೆ’, ‘ಬಂದಾಗ’, ‘ಬಂದು’ ಎಂಬವೂ ಹಾಗೆಯೇ. ಕರ್ತೃಪದವನ್ನು ಬಿಟ್ಟು ಮಾತಾಡುವುದು ನಮಗೆ ಸಹಜವಾದ್ದರಿಂದ, ಬೇಕೆಂದರೆ ಅರ್ಧ ಪುಟ ಪತ್ರವನ್ನು ‘ನೀನು-ನೀವು’ಗಳ ಗೊಡವೆಯೇ ಇಲ್ಲದೆ ಬರೆಯಬಹುದು. ಹಳೆಯ ಪತ್ರಗಳ ‘ತಪ್ಪದೆ ಬರುವುದು’, ‘ವಿವರವಾಗಿ ತಿಳಿಸುವುದು’ ಎಂಬ ಧಾಟಿ ಇಷ್ಟು ಕಾಲ ನಿಂತದ್ದಕ್ಕೆ ಈ ಅನುಕೂಲವೂ ಒಂದು ಕಾರಣವಿರಬೇಕು. ಅಳಿಯನಿಗೂ ಬರೆಯಬಹುದು, ಆಳಿಗೂ ಬರೆಯಬಹುದು.

ಇವಿಷ್ಟನ್ನೂ ಬದಿಗಿಟ್ಟ ಮೇಲೆ ಉಳಿದದ್ದು ಸ್ವಲ್ಪವೇ. ಸಂಬೋಧನೆಯ ‘ಅಳಿಯಂದಿರಿಗೆ’, ಹಣದ ಪ್ಯಾರಾದ ‘ನೀವು’, ‘ನಿಮ್ಮ ಸಂಬಳ’ ಮತ್ತು ‘ಕಳಿಸಿ’, ಇವು ಸಂಶಯವಿಲ್ಲದ ಗೌರವ. ಕಾಲುನೋವಿನ ಪ್ಯಾರಾ ಮತ್ತು ಮಗಳ ಪ್ಯಾರಾ ಪೂರ್ತಿ ಏಕವಚನ. ಗಮನಿಸಿ, ಒಂದು ವಾಕ್ಯದ ನಡುವೆ ಎಲ್ಲೂ ಮುರಿದಿಲ್ಲ. ವಿಷಯ ಬದಲಾದ ಕಡೆ ಮಾತ್ರ ಮಾವ ದಾಟಿದ್ದಾನೆ.

ದಾಟಿಸಿದ್ದು ಯಾವುದು ಎಂಬುದೂ ಅಲ್ಲೇ ಇದೆ. ಕಾಲುನೋವಿನ ಜೊತೆ ಹುಣಸೆಮರ ಬಂತು. ಹುಣಸೆಮರದಿಂದ ಬಿದ್ದವನು ಅಳಿಯಂದಿರಲ್ಲ, ಅಕ್ಕನ ಮಗ. ಅವನನ್ನು ಎತ್ತಿಕೊಂಡು ಓಡಿದ ಮಾವನಿಗೆ ಆ ನೆನಪಿನಲ್ಲಿ ‘ನೀವು ಬಿದ್ದಿರಿ’ ಎಂದು ಬರೆಯಲು ಸಾಧ್ಯವೇ ಇಲ್ಲ. ಹಣದ ವಿಚಾರಕ್ಕೆ ಬಂದಾಗ ಹುಡುಗ ಮರೆಯಾಗಿ ಬೀಗರ ಮನೆ ಎದ್ದು ನಿಲ್ಲುತ್ತದೆ. ಹೆಣ್ಣು ಕೊಟ್ಟವನು ಅಳಿಯನ ಹತ್ತಿರ ಹಣ ಕೇಳುವುದು ಮುಜುಗರದ ಮಾತು. ಆ ಮುಜುಗರಕ್ಕೆ ಒಂದು ಮೇಲುಹೊದಿಕೆ ಬೇಕು, ಅದು ‘ನೀವು’. ಇದು ಪ್ರೀತಿ ಕಡಿಮೆಯಾದ ಲಕ್ಷಣವಲ್ಲ. ನೀನು ಮನಸ್ಸು ಮಾಡಿದರೆ ಇಲ್ಲವೆನ್ನಬಹುದು ಎಂದು ಜಾಗ ಬಿಟ್ಟುಕೊಟ್ಟ ರೀತಿ. ‘ಕಳಿಸು’ ಎಂದಿದ್ದರೆ ಅದು ಅಪ್ಪಣೆ, ಅಳಿಯನಿಗೆ ಬೇರೆ ದಾರಿಯಿರುತ್ತಿರಲಿಲ್ಲ. ಮಗಳ ಮಾತು ಬಂದಾಗ ಮತ್ತೆ ‘ನಿನ್ನ ಕೈಗೆ’. ಅಲ್ಲಿ ಮಾವನಿಗೆ ಬೇಕಾದವನು ಮರ್ಯಾದಸ್ಥ ಅಳಿಯನಲ್ಲ, ತನ್ನ ಮಾತು ಕೇಳುವ ಹುಡುಗ.

ಹಣದ ಪ್ಯಾರಾದಲ್ಲಿ ಒಂದು ವಾಕ್ಯವನ್ನು ಹತ್ತಿರದಿಂದ ನೋಡಬೇಕು. ‘ಯುಗಾದಿಗೇ ಕೊಡುತ್ತೇನೆ ಎಂದಿದ್ದೆ, ಆಗಲಿಲ್ಲ.’ ಕೊಡುತ್ತೇನೆ ಎಂದವರು ಯಾರು? ಮಾವನೋ, ಅಳಿಯನೋ? ಕನ್ನಡದ ಭೂತಕಾಲದಲ್ಲಿ ‘ನಾನು ಎಂದಿದ್ದೆ’ ಮತ್ತು ‘ನೀನು ಎಂದಿದ್ದೆ’ ಎರಡಕ್ಕೂ ರೂಪ ಒಂದೇ. ನಾನು ಬಂದೆ, ನೀನು ಬಂದೆ. ನಾನು ಕೊಟ್ಟೆ, ನೀನು ಕೊಟ್ಟೆ. ‘ಬಂದೆನು’, ‘ಕೊಟ್ಟೆನು’ ಎಂದು ಗ್ರಂಥಸ್ಥವಾಗಿ ಬರೆಯುವವರಿಗೆ ಈ ತೊಡಕಿಲ್ಲ, ಆದರೆ ಮನೆಗೆ ಕಾಗದ ಬರೆಯುವವರು ಯಾರೂ ಹಾಗೆ ಬರೆಯುವುದಿಲ್ಲ. ಸರ್ವನಾಮವನ್ನೂ ಬಿಟ್ಟುಬಿಟ್ಟರೆ ಮುಗಿಯಿತು: ಸಾಲ ಯಾರ ತಲೆಯ ಮೇಲಿದೆ ಎಂಬುದೇ ಗೊತ್ತಾಗುವುದಿಲ್ಲ. ‘ಆಗಲಿಲ್ಲ’ ಎಂಬುದಂತೂ ಮೊದಲೇ ಯಾರ ಕಡೆಗೂ ವಾಲದ ಮಾತು. ಮುಂದಿನ ವಾಕ್ಯದ ‘ನಿಮ್ಮ ಸಂಬಳ’ ಮತ್ತು ‘ಕಳಿಸಿ’ ಬಂದ ಮೇಲಷ್ಟೇ ಮಾತು ಕೊಟ್ಟವನು ಅಳಿಯ ಎಂದು ತಿಳಿಯುತ್ತದೆ.

‘ಎಂದಿದ್ದಿರಿ’ ಎಂದು ಬರೆದಿದ್ದರೆ ಗೊಂದಲವಿರುತ್ತಿರಲಿಲ್ಲ. ಆದರೆ ‘ನೀವು ಕೊಡುತ್ತೇನೆ ಎಂದಿದ್ದಿರಿ’ ಎಂಬ ಸ್ಪಷ್ಟ ಬಹುವಚನ ಆಪಾದನೆಯ ಹಾಗೆ ಕೇಳುತ್ತದೆ, ನೋಟೀಸಿನ ಮೊದಲ ಸಾಲಿನ ಹಾಗೆ. ಅದಕ್ಕೇ ಮಾವ ಆ ಒಂದು ವಾಕ್ಯವನ್ನು ಮಸುಕಾಗಿ ಬಿಟ್ಟ. ಅದನ್ನು ಏಕವಚನ ಎಂದು ಓದಿದರೂ ಸರಿಯೇ, ತನ್ನ ಬಗ್ಗೆಯೇ ಹೇಳಿಕೊಂಡ ಎಂದು ಓದಿದರೂ ಒಂದು ಕ್ಷಣ ನಂಬಿಕೆಯಾಗುತ್ತದೆ. ಬೇಕೆಂದೇ ಮಾಡಿದನೋ, ಕೈಯೇ ಹಾಗೆ ಓಡಿತೋ ಪತ್ರದಿಂದ ಹೇಳಲಾಗದು. ಹಳೆಯ ಪತ್ರಗಳನ್ನಿಟ್ಟುಕೊಂಡು ಯಾರು ಯಾರಿಗೆ ಕೊಡಬೇಕಿತ್ತು ಎಂದು ಲೆಕ್ಕ ಹಾಕುವವರು ಇಂಥ ‘ಎಂದಿದ್ದೆ’, ‘ಕೊಟ್ಟಿದ್ದೆ’ಗಳ ಹತ್ತಿರ ನಿಂತು ನೋಡಬೇಕು. ‘ಅಲ್ಲ’ ಸೇರಿದ್ದರೆ ಅದೃಷ್ಟ. ಎರಡೂ ರೂಪ ಆಗ ಬೇರೆಯಾಗುತ್ತವೆ. ‘ಕಳಿಸಿದ್ದೆನಲ್ಲ’ ಎಂದರೆ ನಾನು, ‘ಕಳಿಸಿದ್ದೆಯಲ್ಲ’ ಎಂದರೆ ನೀನು. ಎಣ್ಣೆ ಕಳಿಸಿದ್ದು ಮಾವ ಎಂಬುದರಲ್ಲಿ ಅನುಮಾನವಿಲ್ಲದಿರುವುದು ಆ ಒಂದು ‘ನ’ಕಾರದಿಂದ.

ಯುರೋಪಿನ ಹಲವು ಭಾಷೆಗಳಲ್ಲೂ ನಮ್ಮಂತೆಯೇ ಎರಡು ‘ನೀ’ಗಳಿವೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬಿಬ್ಬರು ಅವುಗಳ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಈ ಚರ್ಚೆಯ ಬುನಾದಿ. ಲ್ಯಾಟಿನ್ನಿನ ‘ತು’ ಮತ್ತು ‘ವೋಸ್’ ಪದಗಳ ಮೊದಲಕ್ಷರ ಹಿಡಿದು ಅವರು ಒಂದನ್ನು ಟಿ, ಇನ್ನೊಂದನ್ನು ವಿ ಎಂದು ಕರೆದರು. ಯಾವುದನ್ನು ಬಳಸಬೇಕು ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ ಎಂಬುದು ಅವರ ವಾದ: ಯಾರು ಮೇಲು ಯಾರು ಕೆಳಗು ಎಂಬ ಅಂತಸ್ತು ಒಂದು, ಎಷ್ಟು ಹತ್ತಿರದವರು ಎಂಬ ಒಡನಾಟ ಇನ್ನೊಂದು. ಇವೆರಡೂ ಒಂದೇ ದಿಕ್ಕಿಗೆ ಎಳೆದರೆ ತೊಂದರೆಯಿಲ್ಲ. ಬೇರೆ ಬೇರೆ ದಿಕ್ಕಿಗೆ ಎಳೆದಾಗ ಮನುಷ್ಯ ಜಾರುತ್ತಾನೆ. ಕ್ಷಣಿಕ ಭಾವನೆಯೊಂದು ಬಂದಾಗ ತಾನು ನಿತ್ಯ ಬಳಸುವುದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿಬರುತ್ತಾನೆ ಎಂದೂ ಅವರು ಗುರುತಿಸಿದ್ದರು. ನಮ್ಮ ಮಾವನಿಗೆ ಅಂತಸ್ತೇ ಎರಡು ದಿಕ್ಕಿಗಿದೆ: ವಯಸ್ಸಿನಲ್ಲಿ ತಾನು ಮೇಲು, ಬೀಗತನದಲ್ಲಿ ಅಳಿಯ ಮೇಲು.

ಮನೆಗಳ ರೂಢಿಯೂ ಒಂದೇ ಸಮ ಇಲ್ಲ. ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಎನ್ನುವ ಮನೆಗಳು ಬೇಕಾದಷ್ಟಿವೆ. ಹೆಂಡತಿ ಗಂಡನಿಗೆ ‘ನೀವು’, ಗಂಡ ಹೆಂಡತಿಗೆ ‘ನೀನು’ ಎಂಬುದು ಹಿಂದಿನ ತಲೆಮಾರಿನಲ್ಲಿ ಬಹುಪಾಲು ಮನೆಗಳ ಕಥೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಬರ್ರಿ, ಕುಂದರ್ರಿ’ ಎಂದು ‘ರಿ’ ಧಾರಾಳವಾಗಿ ಹರಿಯುತ್ತದೆ. ದಕ್ಷಿಣದ ಹಳ್ಳಿಗಳಲ್ಲಿ ಹಿರಿಯರನ್ನೂ ಅಕ್ಕರೆಯಿಂದ ‘ನೀನು’ ಅನ್ನುವ ಮನೆಗಳಿವೆ. ದೇವರಿಗಂತೂ ಎಲ್ಲ ಕಡೆ ಏಕವಚನವೇ. ಹೀಗಾಗಿ ಒಂದು ಪತ್ರದ ‘ನೀನು’ ಜಾರಿದ್ದೋ ಅಲ್ಲವೋ ಎಂದು ತೀರ್ಪು ಕೊಡುವ ಮೊದಲು ಆ ಮನೆಯಲ್ಲಿ ಮಾಮೂಲು ಯಾವುದು ಎಂದು ತಿಳಿದಿರಬೇಕು. ಒಂದೇ ಪತ್ರ ಕೈಯಲ್ಲಿದ್ದರೆ ಅದು ತಿಳಿಯುವುದಿಲ್ಲ. ಅದೇ ವ್ಯಕ್ತಿ ಅದೇ ವ್ಯಕ್ತಿಗೆ ಬರೆದ ಇನ್ನೂ ಮೂರ್ನಾಲ್ಕು ಕಾಗದ ಬೇಕಾಗುತ್ತದೆ.

ಕೆಳಕ್ಕೆ ಜಾರುವುದನ್ನು ಎಲ್ಲರೂ ಗುರುತಿಸುತ್ತಾರೆ. ‘ಏಕವಚನಕ್ಕೆ ಇಳಿದ’ ಎಂದರೆ ಜಗಳ ಎಲ್ಲಿಗೆ ಮುಟ್ಟಿತೆಂದು ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಪತ್ರಗಳಲ್ಲಿ ಹೆಚ್ಚು ನೋಯಿಸುವುದು ಮೇಲಕ್ಕೆ ಜಾರುವುದು. ಊರಲ್ಲಿರುವ ಅಮ್ಮ ಬೆಂಗಳೂರಿನ ಮಗನಿಗೆ ಬರೆಯುತ್ತ, ‘ಹಬ್ಬಕ್ಕೂ ನೀನು ಬರಲಿಲ್ಲ. ಅಕ್ಕನ ಮಗುವಿನ ನಾಮಕರಣಕ್ಕೂ ನಿನಗೆ ಬಿಡುವಾಗಲಿಲ್ಲ’ ಎನ್ನುವವರೆಗೆ ಮಗ ಆರಾಮಾಗಿರಬಹುದು. ಅದು ಬೈಗುಳ, ಬೈಗುಳದಲ್ಲಿ ಸಲಿಗೆ ಇದೆ. ಮುಂದಿನ ಸಾಲಿನಲ್ಲಿ ‘ಇರಲಿ, ನೀವೆಲ್ಲ ದೊಡ್ಡವರಾದಿರಿ, ನಿಮಗೆ ಹೇಳುವಷ್ಟು ನಾವು ಬೆಳೆದಿಲ್ಲ’ ಎಂದು ಬಂದರೆ ಎದ್ದು ಬಸ್ಸು ಹಿಡಿಯಬೇಕು. ಇಲ್ಲಿಯೂ ‘ನೀವೆಲ್ಲ’ ಎಂಬುದರ ಒಳಗೆ ಲೆಕ್ಕದ ಬಹುವಚನ ಅಡಗಿ ಕೂತಿದೆ. ಕೇಳಿದರೆ ‘ನಿನಗಲ್ಲಪ್ಪ ನಾನು ಹೇಳಿದ್ದು, ಎಲ್ಲ ಮಕ್ಕಳಿಗೂ’ ಎಂದುಬಿಡಬಹುದು. ಕೋಪದ ‘ನೀವು’ವನ್ನು ಗೌರವದ ‘ನೀವು’ನಿಂದ ಬೇರೆ ಮಾಡಲು ಒಂದು ಗುರುತಿದೆ: ಕೋಪ ಬಂದಾಗ ಸರ್ವನಾಮ ಒಂದೇ ಬದಲಾಗುವುದಿಲ್ಲ. ‘ಮಗಾ’, ‘ಕಣೋ’, ‘ಅಪ್ಪಾ’ ಎಂಬ ಕರೆಗಳೂ ಅದೇ ಜಾಗದಿಂದ ನಿಂತುಹೋಗುತ್ತವೆ. ‘ನಾನು’ ಹೋಗಿ ‘ನಾವು’ ಬರುತ್ತದೆ. ಮೇಲಿನ ಸಾಲಿನ ‘ನಾವು ಬೆಳೆದಿಲ್ಲ’ ನೋಡಿ. ಬರೆದವರು ಒಬ್ಬರೇ ಅಮ್ಮ.

ಬರೆದವರು ಒಬ್ಬರೇ ಎಂದೆ, ಆದರೆ ಎಷ್ಟೋ ಪತ್ರಗಳ ವಿಷಯದಲ್ಲಿ ಅದೂ ನಿಜವಲ್ಲ. ಓದುಬರಹ ಬಾರದ ಅಜ್ಜಿ ಹೇಳುತ್ತಿದ್ದಳು, ಪಕ್ಕದ ಮನೆಯ ಶಾಲೆ ಹುಡುಗ ಬರೆಯುತ್ತಿದ್ದ. ಅಜ್ಜಿಯ ಬಾಯಲ್ಲಿ ‘ಉಷಾರಾಗಿದೀಯೇನಪ್ಪ’ ಎಂದಿದ್ದದ್ದು ಹುಡುಗನ ಕೈಯಲ್ಲಿ ‘ತಾವು ಕ್ಷೇಮವೆಂದು ನಂಬಿರುತ್ತೇವೆ’ ಎಂದಾಗುತ್ತಿತ್ತು, ಪಾಠದಲ್ಲಿ ಕಲಿತದ್ದು ಹಾಗೆ. ಅಜ್ಜಿ ವೇಗವಾಗಿ ಹೇಳತೊಡಗಿದಂತೆ ಹುಡುಗನಿಗೆ ಪರಿವರ್ತಿಸಲು ಪುರುಸೊತ್ತು ಸಿಗದೆ ಅವಳ ಮಾತೇ ಹಾಗೇ ಇಳಿಯುತ್ತಿತ್ತು. ಅಂಥ ಪತ್ರದಲ್ಲಿ ಮೇಲಿನ ಅರ್ಧ ಹುಡುಗನದು, ಕೆಳಗಿನ ಅರ್ಧ ಅಜ್ಜಿಯದು. ಇಂಥದ್ದೇ ಇನ್ನೊಂದು: ‘ತೀರ್ಥರೂಪ ತಂದೆ-ತಾಯಿಯವರಿಗೆ’ ಎಂದು ಶುರುವಾದ ಮಗನ ಕಾಗದದಲ್ಲಿ ಇದ್ದಕ್ಕಿದ್ದಂತೆ ‘ಮಾತ್ರೆ ಬಿಡಬೇಡ, ತಣ್ಣೀರಲ್ಲಿ ಕೈಯಿಡಬೇಡ’ ಎಂದು ಬಂದರೆ, ಅದು ಅಪ್ಪನಿಗೆ ಮರ್ಯಾದೆ ತಪ್ಪಿದ್ದಲ್ಲ. ಮಾತು ಅಮ್ಮನ ಕಡೆ ತಿರುಗಿದೆ, ಹೆಸರು ಹೇಳಲು ಅವನು ಮರೆತಿದ್ದಾನೆ, ಅಷ್ಟೇ.

ಯಾರು ಓದುತ್ತಾರೆ ಎಂಬುದೂ ಕೈಯನ್ನು ತಡೆಯುತ್ತದೆ. ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ, ಆಗ ಅದರ ಬೆಲೆ ಕಾಲಾಣೆ. ಅಂದಿನಿಂದಲೂ ಕಾರ್ಡಿನ ಗುಣ ಒಂದೇ: ಅಂಚೆಯವನಿಂದ ಹಿಡಿದು ಜಗಲಿಯ ಮೇಲೆ ಕೂತವರವರೆಗೆ ಯಾರು ಬೇಕಾದರೂ ಓದಬಹುದು. ಹೊಸದಾಗಿ ನಿಶ್ಚಯವಾದ ಹುಡುಗಿ ಕಾರ್ಡಿನಲ್ಲಿ ಬರೆದರೆ ‘ನೀವು’ ತಪ್ಪುವುದಿಲ್ಲ. ಅಂಟಿಸಿದ ಇನ್‌ಲ್ಯಾಂಡಿನ ಮಡಿಕೆಯೊಳಗೆ ಬೇರೆ ಮಾತು. ಅದರಲ್ಲೂ ಜಾಗ ಮುಗಿದು, ಅಂಚಿನ ಖಾಲಿ ಪಟ್ಟಿಯಲ್ಲಿ ಕಾಗದ ತಿರುಗಿಸಿ ತಿರುಗಿಸಿ ಬರೆದ ಸಾಲುಗಳನ್ನು ಬಿಡದೆ ಓದಬೇಕು. ಪತ್ರ ಬರೆದು ಮುಗಿಸಿ, ಎದ್ದು, ಮತ್ತೆ ಬಂದು ಸೇರಿಸಿದ ಮಾತುಗಳವು. ಒಕ್ಕಣೆಯ ಬಿಗಿ ಅಷ್ಟರಲ್ಲಿ ಸಡಿಲಿರುತ್ತದೆ. ‘ನೀನು’ ಮೊದಲು ಇಣುಕುವುದು ಅಲ್ಲೇ.

ಕಚೇರಿಯ ಪತ್ರಗಳೂ ಜಾರುತ್ತವೆ, ಅಲ್ಲಿ ‘ನೀನು’ ಇಲ್ಲದಿದ್ದರೂ. ಅಲ್ಲಿನ ಎರಡು ಮೆಟ್ಟಿಲು ‘ತಾವು’ ಮತ್ತು ‘ನೀವು’. ‘ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಯಿತು’ ಎಂದು ಶುರುವಾದ ಪತ್ರ ‘ನಿಗದಿತ ದಿನದೊಳಗೆ ಹಾಜರಾಗದಿದ್ದಲ್ಲಿ ನಿಮ್ಮ ಮೇಲೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಮುಗಿಯುತ್ತದೆ. ಬೆದರಿಕೆಗೆ ‘ತಾವು’ ಒಗ್ಗುವುದಿಲ್ಲ ಎಂಬುದು ಒಂದು ಕಾರಣವಾದರೆ, ಮೇಲಿನ ಪ್ಯಾರಾ ಒಂದು ಹಳೆಯ ಕರಡಿನಿಂದಲೂ ಕೆಳಗಿನದು ಇನ್ನೊಂದರಿಂದಲೂ ನಕಲಾಗಿರುವುದು ಇನ್ನೊಂದು ಕಾರಣ. ‘ತಾವು’ವಿಗೆ ಇನ್ನೂ ಒಂದು ಕಷ್ಟವಿದೆ. ಅದು ‘ಅವರು ತಾವೇ ಬಂದರು’ ಎಂಬಲ್ಲಿ ಅವರನ್ನೇ ತೋರಿಸುವ ಪದವೂ ಹೌದು. ‘ಅರ್ಜಿದಾರರು ತಮ್ಮ ದಾಖಲೆಗಳನ್ನು ತಮ್ಮ ಕಚೇರಿಗೆ ಸಲ್ಲಿಸಿರುತ್ತಾರೆ’ ಎಂದು ಬರೆದರೆ ಮೊದಲ ‘ತಮ್ಮ’ ಅರ್ಜಿದಾರರದು, ಎರಡನೆಯದು ಪತ್ರ ಓದುತ್ತಿರುವ ಅಧಿಕಾರಿಯದು, ಅಥವಾ ಎರಡೂ ಅರ್ಜಿದಾರರದೇ. ಇಂಥ ಕಡೆ ಅನುಭವಸ್ಥ ಗುಮಾಸ್ತರು ಎರಡನೆಯದನ್ನು ‘ನಿಮ್ಮ ಕಚೇರಿಗೆ’ ಎಂದು ಬದಲಾಯಿಸುತ್ತಾರೆ. ಮರ್ಯಾದೆ ಒಂದು ಮೆಟ್ಟಿಲು ಇಳಿಯಿತು, ಅರ್ಥ ಉಳಿಯಿತು. ಅದನ್ನು ಜಾರಿಕೆ ಎಂದು ತಿದ್ದಬಾರದು.

ತಿದ್ದುವ ಮಾತು ಬಂದದ್ದರಿಂದ ಹೇಳುತ್ತೇನೆ. ಮನೆಯ ಹಿರಿಯರ ಪತ್ರಗಳನ್ನು ಬೆರಳಚ್ಚು ಮಾಡಿಸಿ ಪುಸ್ತಕ ಮಾಡುವವರು ಮೊದಲು ಮಾಡುವ ಕೆಲಸ ಕಾಗುಣಿತ ಸರಿಪಡಿಸುವುದು, ಎರಡನೆಯದು ‘ನೀನು’ಗಳನ್ನೆಲ್ಲ ‘ನೀವು’ ಮಾಡುವುದು. ಕಾಗುಣಿತ ಸರಿಪಡಿಸಲಿ, ಅಡ್ಡಿಯಿಲ್ಲ. ಇನ್ನೊಂದನ್ನು ಮುಟ್ಟದಿರುವುದು ಒಳ್ಳೆಯದು. ಶಾಯಿಯಲ್ಲಿ ಬರೆದ ಕಾಗದದಲ್ಲಿ ‘ನಿನ್ನ’ವನ್ನು ‘ನಿಮ್ಮ’ ಮಾಡಲು ಒಂದೇ ಅಕ್ಷರ ತಿದ್ದಿದರೆ ಸಾಕು. ‘ನ್ನ’ದ ಮೇಲೆ ದಪ್ಪಗೆ ‘ಮ್ಮ’ ಕೂತಿರುವುದು ಮೂಲದಲ್ಲಿ ಕಾಣುತ್ತದೆ. ಅಚ್ಚಿನಲ್ಲಿ ಅದು ಕಾಣುವುದಿಲ್ಲ. ಅಂಥ ಕಡೆ ಒಂದು ಅಡಿಟಿಪ್ಪಣಿ ಹಾಕಿದರೆ ಓದುವವರಿಗೆ ಪತ್ರ ಬರೆದ ಗಳಿಗೆಯೇ ಸಿಗುತ್ತದೆ.

ಈಗಿನ ಪತ್ರಗಳು ಫೋನಿನಲ್ಲಿವೆ, ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುತ್ತಾರೆ. ಅಲ್ಲಿ ಹೊಸ ಬಗೆಯ ಸುಳ್ಳು ಜಾರಿಕೆಯೊಂದು ಹುಟ್ಟಿದೆ. ‘ನಿನಗೆ’ ಎಂಬುದಕ್ಕೆ `ninage`, ‘ನಿಮಗೆ’ ಎಂಬುದಕ್ಕೆ `nimage`. ಕೀಲಿಮಣೆಯಲ್ಲಿ `n` ಮತ್ತು `m` ಅಕ್ಕಪಕ್ಕದ ಮನೆಯವು. ಬಸ್ಸಿನಲ್ಲಿ ನಿಂತು ಹೆಬ್ಬೆರಳಿನಲ್ಲಿ ಒತ್ತುವಾಗ ಬೆರಳು ಒಂದು ಕೂದಲೆಳೆ ಸರಿದರೂ ಮೇಲಧಿಕಾರಿಗೆ ಏಕವಚನ ಹೋಗುತ್ತದೆ, ಗೆಳತಿಗೆ ಬಹುವಚನ ಹೋಗುತ್ತದೆ. ‘ಇದೇನು, ಇವತ್ತು ನಿಮಗೆ ಅಂತೆಲ್ಲ ಬರೀತಿದ್ದೀಯ?’ ಎಂದು ಅವಳು ಮುನಿಸಿಕೊಳ್ಳುವ ಮೊದಲು ಅದೇ ಸಂದೇಶದ ಕ್ರಿಯಾಪದ ನೋಡಲಿ. `ninna`, `nimma` ಬೆರಳುತಪ್ಪಿನಿಂದ ಅದಲುಬದಲಾಗಬಹುದು. `bartiya` ಎಂದು ಒತ್ತಹೊರಟವನ ಬೆರಳು ತಪ್ಪಿ `bartira` ಎಂದಾಗಲು `y` ಮತ್ತು `r` ಅಷ್ಟು ಹತ್ತಿರವಿಲ್ಲ, ನಡುವೆ `t` ಇದೆ.